ಶೆಡ್ ದೊಡ್ಡದೇ ಬೇಕೇ, ಚಿಕ್ಕದು ಸಾಕೇ? ವಿಸ್ತರಣೆಯ ಮತ್ತು ಕೈಬಿಡುವ ಆಯ್ಕೆಗಳಿಗೆ ಬೆಲೆ ಕಟ್ಟುವ ಲೆಕ್ಕ

ರಿಯಲ್ ಆಪ್ಷನ್, ಅಂದರೆ ಯೋಜನೆಯನ್ನು ಮುಂದೆ ವಿಸ್ತರಿಸುವ ಇಲ್ಲವೇ ಕೈಬಿಡುವಂಥ ಆಯ್ಕೆ, ಎಂಬ ಮಾತು ಹೆಚ್ಚಾಗಿ ಕೇಳಿಬರುವುದು ಯೋಜನೆಯ ಎನ್‌ಪಿವಿ, ಅಂದರೆ ನಿವ್ವಳ ಪ್ರಸ್ತುತ ಮೌಲ್ಯ, ಸೊನ್ನೆಗಿಂತ ಒಂಚೂರು ಕೆಳಗೆ ಬಂದ ದಿನ. ಮೈನಸ್ 5 ಬಂದಿದೆ, ಏನಾದರೂ ಮಾಡಿ ಪ್ಲಸ್‌ಗೆ ತರಬೇಕು, ಆಗ ಯಾರೋ ಒಬ್ಬರು ‘ಮುಂದೆ ವಿಸ್ತರಿಸುವ ಅವಕಾಶ ಇದೆಯಲ್ಲ’ ಎನ್ನುತ್ತಾರೆ. ಹೀಗೆ ಬಂದ ಮಾತನ್ನು ನಾವು ಅನುಮಾನದಿಂದಲೇ ಕೇಳುತ್ತೇವೆ. ಹಾಗಂತ ತಳ್ಳಿಹಾಕುವುದಿಲ್ಲ. ಅವಕಾಶಕ್ಕೆ ನಿಜವಾಗಿಯೂ ಬೆಲೆಯಿದೆ, ಆ ಬೆಲೆಯನ್ನು ಲೆಕ್ಕ ಹಾಕಲೂ ಬರುತ್ತದೆ. ಸ್ಟೀವರ್ಟ್ ಮೈಯರ್ಸ್ 1977ರಲ್ಲಿ ಈ ಹೆಸರನ್ನು ಬಳಕೆಗೆ ತಂದರು. 1979ರಲ್ಲಿ ಕಾಕ್ಸ್, ರಾಸ್, ರೂಬಿನ್‌ಸ್ಟೈನ್ ಅವರ ಕವಲುಮರದ ವಿಧಾನ ಬಂದಮೇಲೆ ಲೆಕ್ಕ ಒಂದು ಹಾಳೆಯಲ್ಲಿ ಮುಗಿಯುವಷ್ಟು ಸರಳವಾಯಿತು. ಲೆಕ್ಕ ಸರಳ, ಅದಕ್ಕೆ ಕೊಡುವ ಅಂಕಿಗಳು ಮಾತ್ರ ಸರಳವಲ್ಲ.

ಒಂದೇ ಉದಾಹರಣೆ ಇಟ್ಟುಕೊಂಡು ಈ ಕೆಲಸ ಹೇಗೆ ಸಾಗುತ್ತದೆ ಎಂದು ಮೊದಲಿನಿಂದ ಕೊನೆಯವರೆಗೆ ಬರೆಯುತ್ತೇವೆ. ಬಾಟಲಿಗಳ ಪ್ಲಾಸ್ಟಿಕ್ ಮುಚ್ಚಳ ತಯಾರಿಸುವ ಇಂಜೆಕ್ಷನ್ ಮೋಲ್ಡಿಂಗ್ ಕಾರ್ಖಾನೆ ಎಂದುಕೊಳ್ಳಿ. ಅಂಕಿಗಳು ಲೆಕ್ಕಕ್ಕೆ ಅನುಕೂಲವಾಗುವಂತೆ ಆರಿಸಿಕೊಂಡವು, ಎಲ್ಲವೂ ಕೋಟಿಗಳಲ್ಲಿವೆ.

ಹೂಡಿಕೆ 105. ಜಾಗ, ಕಟ್ಟಡ, ವಿದ್ಯುತ್ ವ್ಯವಸ್ಥೆಗೆ 50, ಯಂತ್ರಗಳಿಗೆ 34, ಅಚ್ಚುಗಳಿಗೆ 7, ದುಡಿಯುವ ಬಂಡವಾಳಕ್ಕೆ 14. ಕಟ್ಟಡದ 50ರಲ್ಲಿ 4 ಕೋಟಿ ಇವತ್ತಿನ ಅಗತ್ಯಕ್ಕೆ ಮೀರಿದ್ದು. ಮುಂದೆ ಇನ್ನಷ್ಟು ಯಂತ್ರ ಕೂರಿಸಲು ಬೇಕಾಗುವ ಉದ್ದದ ಶೆಡ್, ದೊಡ್ಡ ಟ್ರಾನ್ಸ್‌ಫಾರ್ಮರ್, ತಣ್ಣೀರಿನ ಅಗಲ ಪೈಪು, ಯಂತ್ರದ ಅಡಿಪಾಯ ಇವೆಲ್ಲ ಅದರಲ್ಲಿವೆ. ಕಾರ್ಖಾನೆ ತರುವ ಹಣವನ್ನೆಲ್ಲ ಶೇ 12ರ ದರದಲ್ಲಿ ಇವತ್ತಿಗೆ ಇಳಿಸಿದರೆ 100 ಆಗುತ್ತದೆ. ಅಲ್ಲಿಗೆ ಎನ್‌ಪಿವಿ ಮೈನಸ್ 5.

ಮುಂದಕ್ಕೆ ಹೋಗುವ ಮುನ್ನ ಆ 100ರ ಒಳಗೆ ಏನಿದೆ ಎಂದು ಬಿಚ್ಚಿ ನೋಡಬೇಕು. ಈ ಕೆಲಸದಲ್ಲಿ ಅತಿ ಹೆಚ್ಚು ನಡೆಯುವ ತಪ್ಪು ಇರುವುದು ಇಲ್ಲೇ. ಮಾರಾಟದ ಮುನ್ನಂದಾಜಿನಲ್ಲಿ ಆರನೇ ವರ್ಷ ಉತ್ಪಾದನೆ ದಿಢೀರನೆ ಏರಿದ್ದರೆ ವಿಸ್ತರಣೆ ಆಗಲೇ ಅದರೊಳಗೆ ನುಸುಳಿದೆ ಎಂದರ್ಥ. ಅದರ ಮೇಲೆ ಮತ್ತೆ ವಿಸ್ತರಣೆಯ ಆಯ್ಕೆಯ ಬೆಲೆ ಕೂಡಿಸಿದರೆ ಒಂದೇ ಲಾಭವನ್ನು ಎರಡು ಸಲ ಎಣಿಸಿದಂತಾಗುತ್ತದೆ. ಪತ್ತೆ ಮಾಡುವುದು ಸುಲಭ. ಪ್ರತಿ ವರ್ಷದ ಮಾರಾಟದ ಪ್ರಮಾಣವನ್ನು ಮೊದಲು ಕೂರಿಸಿದ ಯಂತ್ರಗಳ ಸಾಮರ್ಥ್ಯದ ಪಕ್ಕದಲ್ಲಿಟ್ಟು ನೋಡಿ. ಸಾಮರ್ಥ್ಯ ಮೀರಿದ ವರ್ಷ ಒಂದಾದರೂ ಸಿಕ್ಕರೆ ಅದನ್ನು ಕತ್ತರಿಸಿ. ಕೊನೆಯ ವರ್ಷದ ನಂತರದ ಮೌಲ್ಯಕ್ಕೆ ಬೆಳವಣಿಗೆಯ ದರ ಹಾಕಿದ್ದರೆ ಅದನ್ನೂ ಬೆಲೆಯೇರಿಕೆಯ ಮಟ್ಟಕ್ಕೆ ಇಳಿಸಿ. ನಮ್ಮ ಉದಾಹರಣೆಯ 100 ಹೀಗೆ ಕತ್ತರಿಸಿ ಉಳಿದದ್ದು. ಆಯ್ಕೆಗಳಿಲ್ಲದ, ಮೊದಲ ಸಾಲಿನ ಯಂತ್ರಗಳಷ್ಟೇ ದುಡಿಯುವ ಕಾರ್ಖಾನೆಯ ಮೌಲ್ಯ.

ಈಗ ಅನಿಶ್ಚಿತತೆ. ಮುಚ್ಚಳದ ವ್ಯಾಪಾರದಲ್ಲಿ ಲಾಭ ನಿಂತಿರುವುದು ಪ್ಲಾಸ್ಟಿಕ್ ಹರಳಿನ ಬೆಲೆಗೂ ಮುಚ್ಚಳದ ಬೆಲೆಗೂ ನಡುವಿನ ಅಂತರದ ಮೇಲೆ, ಜೊತೆಗೆ ದೊಡ್ಡ ಗ್ರಾಹಕರ ಆರ್ಡರುಗಳ ಮೇಲೆ. ಇವೆರಡನ್ನೂ ಅಲುಗಾಡಿಸಿ ಕಂಪ್ಯೂಟರಿನಲ್ಲಿ ಸಾವಿರಾರು ಸಲ ಓಡಿಸಿ ಮೌಲ್ಯದ ಏರಿಳಿತವನ್ನು ಅಳೆಯುವುದು ವಾಡಿಕೆ. ಅಲ್ಲಿ ಒಂದು ಎಚ್ಚರ ಬೇಕು. ನಮಗೆ ಬೇಕಾದದ್ದು ಇನ್ನೊಂದು ವರ್ಷ ಕಳೆದು ಆ ವರ್ಷದ ಸುದ್ದಿಯೆಲ್ಲ ಕೈಸೇರಿದಾಗ ಕಾರ್ಖಾನೆಯ ಮೌಲ್ಯದ ಅಂದಾಜು ಎಷ್ಟು ಬದಲಾಗಿರುತ್ತದೆ ಎಂಬುದು. ಹದಿನೈದು ವರ್ಷಗಳ ಅನಿಶ್ಚಿತತೆಯನ್ನೆಲ್ಲ ಒಟ್ಟಿಗೆ ಅಲುಗಾಡಿಸಿ ಬಂದ ಹರವನ್ನೇ ‘ಒಂದು ವರ್ಷದ ಏರಿಳಿತ’ ಎಂದು ಬರೆದರೆ ಅಂಕಿ ಸುಮ್ಮನೆ ಉಬ್ಬುತ್ತದೆ. ಸರಿಯಾದ ಕ್ರಮದಲ್ಲಿ ಮೊದಲ ವರ್ಷವನ್ನಷ್ಟೇ ಅಲುಗಾಡಿಸಬೇಕು, ಉಳಿದ ವರ್ಷಗಳಿಗೆ ಆ ಮೊದಲ ವರ್ಷದ ಫಲಿತಾಂಶ ಕಂಡಮೇಲೆ ನಾವು ಇಟ್ಟುಕೊಳ್ಳುವ ನಿರೀಕ್ಷೆಯನ್ನು ಹಾಕಬೇಕು. ನಮ್ಮ ಉದಾಹರಣೆಯಲ್ಲಿ ಏರಿಳಿತ ವರ್ಷಕ್ಕೆ ಶೇ 22.3 ಎಂದಿಟ್ಟುಕೊಳ್ಳೋಣ. ಈ ಅಂಕಿಗೆ ಒಂದು ಅನುಕೂಲವಿದೆ. ಕವಲುಮರದಲ್ಲಿ ಮೌಲ್ಯ ಪ್ರತಿ ವರ್ಷ ಒಂದೋ 1.25 ಪಟ್ಟಾಗುತ್ತದೆ, ಇಲ್ಲವೇ 0.8 ಪಟ್ಟಾಗುತ್ತದೆ.

ಮರ ಹೀಗೆ ಬೆಳೆಯುತ್ತದೆ. ಇವತ್ತು 100. ಒಂದು ವರ್ಷದ ಬಳಿಕ 125 ಅಥವಾ 80. ಎರಡು ವರ್ಷದ ಬಳಿಕ 156.25, 100, ಇಲ್ಲವೇ 64. ಸಾಮರ್ಥ್ಯ ಅಷ್ಟೇ ಇರುವಾಗ 156.25 ಎಲ್ಲಿಂದ ಬರುತ್ತದೆ ಎಂದು ಕೇಳಬಹುದು, ಕೇಳಲೇಬೇಕು. ಅದು ಬರಬೇಕಾದದ್ದು ಬೆಲೆಯ ಅಂತರ ಹಿಗ್ಗಿದ್ದರಿಂದ ಮತ್ತು ಯಂತ್ರಗಳು ಪೂರ್ತಿ ದುಡಿದದ್ದರಿಂದ. ಅಷ್ಟು ಅಂತರ ಹಿಂದೆಂದೂ ಕಂಡಿಲ್ಲ ಎಂದಾದರೆ ಮರದ ಮೇಲ್ಕೊಂಬೆಯೇ ಸುಳ್ಳು, ಏರಿಳಿತವನ್ನು ಕಡಿಮೆ ಮಾಡಬೇಕು.

ಈಗ ಎರಡು ಆಯ್ಕೆಗಳು. ಎರಡನೇ ವರ್ಷದ ಕೊನೆಗೆ ಇನ್ನೂ 55 ಹೂಡಿದರೆ ಕಾರ್ಖಾನೆಯ ಮೌಲ್ಯ ಅಂದಿದ್ದುದರ ಅರ್ಧದಷ್ಟು ಹೆಚ್ಚುತ್ತದೆ, ಇದು ವಿಸ್ತರಣೆಯ ಆಯ್ಕೆ. ಅದೇ ದಿನ ಎಲ್ಲವನ್ನೂ ಮಾರಿ ಕೈತೊಳೆದುಕೊಂಡರೆ 78 ಸಿಗುತ್ತದೆ, ಇದು ಕೈಬಿಡುವ ಆಯ್ಕೆ.

ವಿಸ್ತರಣೆ ಮೊದಲು. 156.25ರ ತುದಿಯಲ್ಲಿ ಅರ್ಧ ಎಂದರೆ 78.125, ಅದರಲ್ಲಿ 55 ಕಳೆದರೆ ಲಾಭ 23.125. 100ರ ತುದಿಯಲ್ಲಿ ಅರ್ಧ 50, ಖರ್ಚು 55, ಹಾಗಾಗಿ ವಿಸ್ತರಿಸುವುದಿಲ್ಲ, ಲಾಭ ಸೊನ್ನೆ. 64ರ ತುದಿಯಲ್ಲೂ ಸೊನ್ನೆ. ಆಯ್ಕೆಯ ಗುಟ್ಟೆಲ್ಲ ಈ ಸೊನ್ನೆಗಳಲ್ಲಿದೆ. ‘ಎರಡನೇ ವರ್ಷ ವಿಸ್ತರಿಸುತ್ತೇವೆ’ ಎಂದು ಇವತ್ತೇ ಬರೆದುಕೊಟ್ಟರೆ ಅಲ್ಲಿ ಮೈನಸ್ 5, ಮೈನಸ್ 23 ಕೂರುತ್ತವೆ.

ಈ 23.125ಕ್ಕೆ ಇವತ್ತಿನ ಬೆಲೆ ಎಷ್ಟು? ಯೋಜನೆಯ ಶೇ 12ರ ದರದಲ್ಲೇ ಇಳಿಸೋಣ ಎಂದು ಕೈ ಹೋಗುವುದು ಸಹಜ. ಹಾಗೆ ಮಾಡಿದರೆ ಮೌಲ್ಯ ವರ್ಷಕ್ಕೆ ಶೇ 12 ಬೆಳೆಯಬೇಕು, ಅದಕ್ಕೆ ಮೇಲಿನ ಕವಲಿನ ಸಂಭವ 0.711. ಎರಡು ಸಲ ಮೇಲೇರುವ ಸಂಭವ 0.506. 23.125ನ್ನು ಅದರಿಂದ ಗುಣಿಸಿ ಎರಡು ವರ್ಷ ಶೇ 12ರಲ್ಲಿ ಇಳಿಸಿದರೆ 9.32 ಬರುತ್ತದೆ. ನೋಡಲು ಚೆನ್ನಾಗಿದೆ, ಆದರೆ ತಪ್ಪು. ವಿಸ್ತರಣೆಯ ಆಯ್ಕೆ ಕಾರ್ಖಾನೆಗಿಂತ ಎಷ್ಟೋ ಹೆಚ್ಚು ಅಪಾಯದ್ದು. ಒಂದು ಕೊಂಬೆಯಲ್ಲಷ್ಟೇ ಹಣ, ಮಿಕ್ಕೆಡೆ ಏನೂ ಇಲ್ಲ. ಕಾರ್ಖಾನೆಯ ದರ ಅದಕ್ಕೆ ಸಾಲದು. ಎಷ್ಟು ದರ ಹಾಕಬೇಕೆಂದರೆ ಅದು ಪ್ರತಿ ಕವಲಿನಲ್ಲೂ ಬದಲಾಗುತ್ತದೆ, ಯಾರೂ ನೇರವಾಗಿ ಹೇಳಲಾರರು.

ಹಾಗಾಗಿ ದರದ ಪ್ರಶ್ನೆಯನ್ನೇ ಬದಿಗಿಡುವ ದಾರಿ ಹಿಡಿಯುತ್ತೇವೆ. ಆಯ್ಕೆ ಕೊಡುವ ಹಣವನ್ನೇ ಕೊಡುವಂಥ ಇನ್ನೊಂದು ಗಂಟು ಕಟ್ಟಿ ಅದಕ್ಕೆ ಎಷ್ಟು ಖರ್ಚಾಗುತ್ತದೆ ಎಂದು ನೋಡುವುದು. ಅಪಾಯವಿಲ್ಲದ ಸಾಲದ ದರ ಶೇ 5 ಎನ್ನಿ. ಮೇಲಿನ ಕವಲಿನ ತೂಕ 1.05ರಿಂದ 0.8 ಕಳೆದು, 1.25 ಮತ್ತು 0.8ರ ಅಂತರವಾದ 0.45ರಿಂದ ಭಾಗಿಸಿದರೆ 5/9, ಕೆಳಗಿನದು 4/9. ಇದು ನಿಜವಾದ ಸಂಭವ ಅಲ್ಲ. ಮೇಲೇರುವ ಸಂಭವ 0.711 ಎಂದು ನಾವೇ ಮೇಲೆ ಹೇಳಿದೆವಲ್ಲ. ಇದು ಅಪಾಯದ ತಗಾದೆಯನ್ನು ದರದಿಂದ ತೆಗೆದು ಕವಲಿನ ತೂಕದೊಳಗೆ ಹಾಕಿದ ಲೆಕ್ಕದ ಸಾಧನ. ಈ ತೂಕದಿಂದ ಒಂದು ವರ್ಷದ ಬಳಿಕ, 125ರ ಕವಲಿನಲ್ಲಿ, ಆಯ್ಕೆಯ ಬೆಲೆ 23.125ರ 5/9 ಭಾಗವನ್ನು 1.05ರಿಂದ ಭಾಗಿಸಿದ 12.235. 80ರ ಕವಲಿನಲ್ಲಿ ಸೊನ್ನೆ. ಇವತ್ತಿಗೆ ಇನ್ನೊಮ್ಮೆ ಅದನ್ನೇ ಮಾಡಿದರೆ 6.47.

ನಂಬಿಕೆ ಬಾರದಿದ್ದರೆ ಗಂಟನ್ನೇ ಕಟ್ಟಿ ನೋಡಿ. ಇವತ್ತು ಇಂಥದೇ ಕಾರ್ಖಾನೆಯಲ್ಲಿ 27.19 ಬೆಲೆಯ ಪಾಲು ಕೊಂಡು, ಅದಕ್ಕಾಗಿ ಶೇ 5ರಲ್ಲಿ 20.72 ಸಾಲ ಮಾಡಿ. ವರ್ಷ ಕಳೆದಾಗ ಕಾರ್ಖಾನೆ ಮೇಲೇರಿದರೆ ಪಾಲು 33.99, ಸಾಲ 21.75, ಉಳಿದದ್ದು 12.24. ಕೆಳಗಿಳಿದರೆ ಪಾಲು 21.75, ಸಾಲವೂ 21.75, ಉಳಿದದ್ದು ಏನೂ ಇಲ್ಲ. ಆಯ್ಕೆ ಕೊಡುವುದೂ ಇದನ್ನೇ. ಕೈಯಿಂದ ಹೋದದ್ದು 27.19ರಲ್ಲಿ 20.72 ಕಳೆದು 6.47. ಇದರಲ್ಲಿ ಒಂದು ಒಪ್ಪಂದ ಅಡಗಿದೆ. ಇಂಥ ಕಾರ್ಖಾನೆಯ ಪಾಲು ಮಾರುಕಟ್ಟೆಯಲ್ಲಿ ಸಿಗುವುದಿಲ್ಲ. ಸಿಕ್ಕಿದ್ದರೆ ನಮ್ಮ 100ರ ಅಂದಾಜಿಗೇ ಸಿಗುತ್ತಿತ್ತು ಎಂದು ಒಪ್ಪಿಕೊಂಡು ಮುಂದುವರಿಯುತ್ತೇವೆ. ಆ 100 ತಪ್ಪಾಗಿದ್ದರೆ ಎನ್‌ಪಿವಿ ಎಷ್ಟು ತಪ್ಪೋ ಆಯ್ಕೆಯ ಬೆಲೆಯೂ ಹಾಗೆಯೇ ತಪ್ಪು. ರಿಯಲ್ ಆಪ್ಷನ್ ಕೆಟ್ಟ ಮುನ್ನಂದಾಜನ್ನು ರಿಪೇರಿ ಮಾಡುವುದಿಲ್ಲ.

ಕೈಬಿಡುವ ಆಯ್ಕೆಗೂ ಇದೇ ಮರ, ಇದೇ ತೂಕ. 64ರ ತುದಿಯಲ್ಲಿ ಮಾತ್ರ ಮಾರಿಬಿಡುವುದು ಲಾಭ. 78ರಲ್ಲಿ 64 ಕಳೆದು 14. ಎರಡು ಸಲ ಕೆಳಗಿಳಿಯುವ ತೂಕ 16/81. ಇವತ್ತಿಗೆ ಇಳಿಸಿದರೆ 2.51. ಇದನ್ನೇ ಶೇ 12ರ ದಾರಿಯಲ್ಲಿ ಮಾಡಿದ್ದರೆ ಬರುತ್ತಿದ್ದದ್ದು 0.93. ಗಮನಿಸಿ, ಒಂದೇ ತಪ್ಪು ವಿಸ್ತರಣೆಯ ಬೆಲೆಯನ್ನು ಒಂದೂವರೆ ಪಟ್ಟಿನ ಹತ್ತಿರಕ್ಕೆ ಉಬ್ಬಿಸಿ, ಕೈಬಿಡುವುದರ ಬೆಲೆಯನ್ನು ಅರ್ಧಕ್ಕಿಂತಲೂ ಕೆಳಗಿಳಿಸುತ್ತದೆ. ಕೆಟ್ಟ ಕಾಲದಲ್ಲಿ ಹಣ ಕೊಡುವ ವಸ್ತು ವಿಮೆಯಂತೆ, ಅದನ್ನು ದೊಡ್ಡ ದರದಲ್ಲಿ ಇಳಿಸಬಾರದು. ಹಳೆಯ ಬಗೆಯ ನಿರ್ಧಾರಮರದ ಲೆಕ್ಕಗಳಲ್ಲಿ ಬೆಳೆಯುವ ಮಾತೇ ತುಂಬಿ, ಹೊರಬರುವ ದಾರಿಗೆ ಬೆಲೆಯೇ ಇಲ್ಲದಂತೆ ಕಾಣಲು ಇದೂ ಒಂದು ಕಾರಣ.

ಎರಡನ್ನೂ ಕೂಡಿಸಿದರೆ ಮೈನಸ್ 5, ಪ್ಲಸ್ 2.51, ಪ್ಲಸ್ 6.47, ಒಟ್ಟು 3.98. ನಮ್ಮ ಮರದಲ್ಲಿ ಹೀಗೆ ಸರಳವಾಗಿ ಕೂಡಿಸಬಹುದು, ಏಕೆಂದರೆ ವಿಸ್ತರಿಸುವ ತುದಿಯೂ ಮಾರುವ ತುದಿಯೂ ಬೇರೆ ಬೇರೆ, ಎರಡೂ ಕೊನೆಯ ದಿನವೇ. ಎಲ್ಲ ಕಡೆ ಹೀಗಿರುವುದಿಲ್ಲ. ಮೊದಲ ವರ್ಷವೇ ಮಾರಿದರೆ ಎರಡನೇ ವರ್ಷ ವಿಸ್ತರಿಸುವ ಮಾತಿಲ್ಲ. ಮೊದಲ ವರ್ಷ ವಿಸ್ತರಿಸಿದರೆ ಆಮೇಲೆ ಮಾರಲು ಸಿಗುವುದು ದೊಡ್ಡ ಕಾರ್ಖಾನೆ. ಆಗ ಎರಡನ್ನೂ ಒಂದೇ ಮರದಲ್ಲಿ ಹಾಕಿ, ಪ್ರತಿ ಕವಲಿನಲ್ಲಿ ‘ಮುಂದುವರಿ, ವಿಸ್ತರಿಸು, ಮಾರು’ ಈ ಮೂರರಲ್ಲಿ ದೊಡ್ಡದನ್ನು ಆರಿಸಿಕೊಂಡು ಹಿಂದಕ್ಕೆ ಬರಬೇಕು. ಬೇರೆ ಬೇರೆ ಲೆಕ್ಕ ಹಾಕಿ ಕೂಡಿಸಿದರೆ ಮೊತ್ತ ಸಾಮಾನ್ಯವಾಗಿ ಹೆಚ್ಚಾಗಿ ಬರುತ್ತದೆ.

ಇಲ್ಲಿಗೆ ಬಹಳ ಮಂದಿ ನಿಲ್ಲಿಸುತ್ತಾರೆ. ಮೈನಸ್ 5 ಹೋಗಿ ಪ್ಲಸ್ 4 ಬಂತು, ಸಹಿ ಹಾಕಿ. ಆದರೆ ಅಸಲು ಪ್ರಶ್ನೆ ಇನ್ನೂ ಶುರುವಾಗಿಲ್ಲ. ಆ 105ರ ಒಳಗೆ ದೊಡ್ಡ ಶೆಡ್ಡಿಗೆ ಹಾಕಿದ 4 ಇತ್ತಲ್ಲ, ಅದು ಬೇಕೇ?

‘4 ಕೊಟ್ಟು 6.47ರ ಆಯ್ಕೆ ಕೊಂಡೆವು, 2.47 ಉಳಿಯಿತು’ ಎನ್ನುವುದು ಕಿವಿಗೆ ಹಿತ. ಹೋಲಿಕೆ ಮಾತ್ರ ತಪ್ಪು. ಚಿಕ್ಕ ಶೆಡ್ ಕಟ್ಟಿದರೆ ವಿಸ್ತರಿಸುವ ಅವಕಾಶ ಮಾಯವಾಗುವುದಿಲ್ಲ, ದುಬಾರಿಯಾಗುತ್ತದೆ ಅಷ್ಟೆ. ಗೋಡೆ ಒಡೆಯಬೇಕು, ಟ್ರಾನ್ಸ್‌ಫಾರ್ಮರ್ ಬದಲಿಸಬೇಕು, ಪೈಪು ಕಿತ್ತು ಹಾಕಬೇಕು, ಆ ವಾರಗಳಲ್ಲಿ ಉತ್ಪಾದನೆ ನಿಲ್ಲಿಸಬೇಕು. ಎಂಜಿನಿಯರುಗಳು ಇದನ್ನೆಲ್ಲ ಕೂಡಿಸಿ 55ರ ಬದಲು 72 ಎಂದರು ಎನ್ನಿ. ಆಗ ಮೇಲಿನ ತುದಿಯಲ್ಲಿ 78.125ರಲ್ಲಿ 72 ಕಳೆದು 6.125 ಉಳಿಯುತ್ತದೆ, ಇವತ್ತಿನ ಬೆಲೆ 1.71. ಅಂದರೆ ದೊಡ್ಡ ಶೆಡ್ ನಮಗೆ ಕೊಟ್ಟದ್ದು 6.47 ಅಲ್ಲ, 6.47ಕ್ಕೂ 1.71ಕ್ಕೂ ನಡುವಿನ 4.76. ಅದಕ್ಕೆ ತೆತ್ತದ್ದು 4. ಉಳಿತಾಯ 0.76 ಮಾತ್ರ. ಒಟ್ಟು ಲೆಕ್ಕದಲ್ಲೂ ಹೀಗೇ ಬರುತ್ತದೆ. ಚಿಕ್ಕ ಶೆಡ್ಡಾದರೆ ಹೂಡಿಕೆ 101, ಎನ್‌ಪಿವಿ ಮೈನಸ್ 1, ಆಯ್ಕೆಗಳೊಂದಿಗೆ 3.22. ದೊಡ್ಡದಾದರೆ 3.98.

ಎಂಜಿನಿಯರುಗಳ 72 ಸುಮಾರು 69ಕ್ಕೆ ಇಳಿದರೆ ಈ ಉಳಿತಾಯ ಪೂರ್ತಿ ಕರಗುತ್ತದೆ. ಅದಕ್ಕೂ ಕೆಳಗಿಳಿದರೆ ಚಿಕ್ಕ ಶೆಡ್ಡೇ ಮೇಲು. ಹಾಗಾಗಿ ನಮ್ಮ ಗಮನ ಏರಿಳಿತದ ಅಂಕಿಗಿಂತ ಮೊದಲು ಹೋಗುವುದು ಈ 72ರ ಕಡೆಗೆ. ಅದರಲ್ಲಿ ಉತ್ಪಾದನೆ ನಿಲ್ಲುವ ವಾರಗಳ ನಷ್ಟ ಎಷ್ಟು, ಪಕ್ಕದ ಖಾಲಿ ಜಾಗದಲ್ಲಿ ಪ್ರತ್ಯೇಕ ಶೆಡ್ ಕಟ್ಟಿದರೆ ಎಷ್ಟು, ಯಂತ್ರಗಳ ಅಡಿಪಾಯವನ್ನಷ್ಟೇ ಈಗ ಹಾಕಿ ಮಿಕ್ಕದ್ದನ್ನು ಆಮೇಲೆ ಮಾಡಬಹುದೇ ಎಂದು ಒಂದೊಂದಾಗಿ ಕೇಳಬೇಕು. ಆ 4 ಕೋಟಿಯ ತುಂಡುಗಳೆಲ್ಲ ಒಂದೇ ತೂಕದವಲ್ಲ. ದೊಡ್ಡ ಪೈಪನ್ನು ಈಗಲೇ ಹೂಳುವುದಕ್ಕೆ ಅಲ್ಪ ಖರ್ಚು, ಆಮೇಲೆ ನೆಲ ಅಗೆದು ಬದಲಿಸುವುದಕ್ಕೆ ಭಾರೀ ಖರ್ಚು, ಅದನ್ನು ಈಗಲೇ ಮಾಡಿ. ಟ್ರಾನ್ಸ್‌ಫಾರ್ಮರನ್ನು ಆಮೇಲೆ ಇನ್ನೊಂದನ್ನು ಪಕ್ಕದಲ್ಲಿಟ್ಟೂ ಕೂರಿಸಬಹುದು, ಜಾಗ ಬಿಟ್ಟರೆ ಸಾಕು.

ಇಷ್ಟು ಸಣ್ಣ ಅಂತರದ ತೀರ್ಮಾನವನ್ನು ಎರಡೇ ಹೆಜ್ಜೆಯ ಮರದ ಮೇಲೆ ನಿಲ್ಲಿಸಬಾರದು. ಏರಿಳಿತವನ್ನು ಶೇ 22.3ರ ಬದಲು 30 ಎಂದಿಟ್ಟು ಇದೇ ಎರಡು ಹೆಜ್ಜೆಯ ಮರ ಹಾಕಿದರೆ ಮೇಲಿನ ತುದಿ 182ಕ್ಕೆ ಹೋಗುತ್ತದೆ. ದೊಡ್ಡ ಶೆಡ್ಡಿನ ಆಯ್ಕೆ 8.44, ಚಿಕ್ಕದರದು 4.47, ಅಂತರ 3.97. ಶೆಡ್ಡಿಗೆ ತೆತ್ತ 4ಕ್ಕಿಂತ ಕೂದಲೆಳೆ ಕಡಿಮೆ, ‘ಬೇಡ’ ಎಂದು ಬರೆದುಬಿಡಬಹುದು. ಆದರೆ ಅದು ಒರಟು ಮರದ ಕುಚೋದ್ಯ. ತುದಿಗಳು ಮೂರೇ ಇರುವಾಗ ಅವು ಎಲ್ಲಿ ಬೀಳುತ್ತವೆ ಎಂಬುದೇ ಉತ್ತರವನ್ನು ಅತ್ತಿತ್ತ ತಳ್ಳುತ್ತದೆ. ಹೆಜ್ಜೆಗಳನ್ನು ನೂರಾರು ಮಾಡಿದರೆ ಅಂತರ ಸುಮಾರು 4.6ಕ್ಕೆ ನಿಲ್ಲುತ್ತದೆ, ಶೆಡ್ ಬೇಕು ಎಂದೇ ಆಗುತ್ತದೆ. ಶೇ 22.3ರಲ್ಲಿ ಅದೇ ಸಣ್ಣ ಹೆಜ್ಜೆಯ ಲೆಕ್ಕ 4.34 ಕೊಡುತ್ತದೆ. ಕೈಬಿಡುವ ಆಯ್ಕೆಯ 2.51 ಕೂಡ ಸಣ್ಣ ಹೆಜ್ಜೆಗಳಲ್ಲಿ 1.8ರ ಆಸುಪಾಸಿಗೆ ಇಳಿಯುತ್ತದೆ. ಎರಡು ಹೆಜ್ಜೆಯ ಮರ ಮೀಟಿಂಗಿನಲ್ಲಿ ವಿವರಿಸಲು ಒಳ್ಳೆಯದು, ತೀರ್ಮಾನಕ್ಕೆ ಇಷ್ಟಾದರೂ ಬೇಕು:

```python
from math import exp, sqrt
def tree(V, s, r, T, n, pay):
    h = T / n
    u = exp(s * sqrt(h)); d = 1 / u
    g = (1 + r) ** h
    p = (g - d) / (u - d)
    f = [pay(V * u**j * d**(n-j)) for j in range(n + 1)]
    for _ in range(n):
        f = [(p*f[j+1] + (1-p)*f[j]) / g for j in range(len(f) - 1)]
    return f[0]

for n in (2, 500):
    a = tree(100, 0.22314, 0.05, 2, n, lambda v: max(0.5*v - 55, 0))
    b = tree(100, 0.22314, 0.05, 2, n, lambda v: max(0.5*v - 72, 0))
    print(n, a, b, a - b)
```

ಇದು ಕೊನೆಯ ದಿನ ಮಾತ್ರ ಬಳಸಬಹುದಾದ ಆಯ್ಕೆಗೆ. ನಡುವೆ ಯಾವಾಗ ಬೇಕಾದರೂ ಬಳಸಬಹುದಾದರೆ ಒಳಗಿನ ಸುತ್ತಿನಲ್ಲಿ ಪ್ರತಿ ಕವಲಿನ ‘ಈಗಲೇ’ ಬೆಲೆಯೊಂದಿಗೆ ಹೋಲಿಸಿ ದೊಡ್ಡದನ್ನು ಇಟ್ಟುಕೊಳ್ಳಬೇಕು.

ಹಾಗಾದರೆ ಏರಿಳಿತವನ್ನು ಯಾರಾದರೂ ಬೇಕೆಂದೇ ಏರಿಸಿದರೆ? ಎರಡು ಹೆಜ್ಜೆಯ ಮರದಲ್ಲೇ ಶೇ 30ಕ್ಕೆ ಎರಡು ಆಯ್ಕೆಗಳ ಮೊತ್ತ 9ರಿಂದ 13.5ಕ್ಕೆ ಜಿಗಿಯುತ್ತದೆ. ಯಾವ ಯೋಜನೆಯನ್ನಾದರೂ ಪ್ಲಸ್‌ಗೆ ತರಬಲ್ಲ ಗುಂಡಿ ಇದು. ಅದಕ್ಕೇ ಏರಿಳಿತದ ಅಂಕಿಯನ್ನು ಯೋಜನೆ ಮಂಡಿಸುವವರ ಬದಲು ಬೇರೆಯವರು ಕೊಡಬೇಕು, ಆಯ್ಕೆಯ ಲೆಕ್ಕಕ್ಕೆ ಕೈಹಾಕುವ ಮೊದಲೇ ಕೊಡಬೇಕು ಎಂದು ನಾವು ಪಟ್ಟು ಹಿಡಿಯುತ್ತೇವೆ.

ಇನ್ನು ಆ 78. ವಿಸ್ತರಣೆಯ ಕಡೆ ಎಲ್ಲರ ಕಣ್ಣು, ಈ ಅಂಕಿಯನ್ನು ಮಾತ್ರ ಲೆಕ್ಕಪುಸ್ತಕದ ಉಳಿಕೆ ಮೌಲ್ಯದಿಂದ ಎತ್ತಿ ಅಂಟಿಸಿರುತ್ತಾರೆ. ನಮ್ಮದು ಹೀಗೆ ಬಂದದ್ದು: ಜಾಗ ಮತ್ತು ಕಟ್ಟಡ 48, ಯಂತ್ರಗಳು 23, ಅಚ್ಚುಗಳು 1, ದುಡಿಯುವ ಬಂಡವಾಳದಿಂದ ವಾಪಸು ಬರುವುದು 13, ಒಟ್ಟು 85. ಅದರಲ್ಲಿ ಕೆಲಸಗಾರರ ಬಾಕಿ, ಯಂತ್ರ ಬಿಚ್ಚುವುದು, ನಡುವೆ ಮುರಿದ ಒಪ್ಪಂದಗಳ ದಂಡ ಎಲ್ಲ ಸೇರಿ 7 ಕಳೆದು 78. ಮಾರಾಟದ ಮೇಲಿನ ತೆರಿಗೆಯೂ ಅಲ್ಲಿನ ನಿಯಮದಂತೆ ಈ 7ರೊಳಗೇ ಬರಬೇಕು. ಅಚ್ಚುಗಳನ್ನು ನೋಡಿ, 7 ಕೊಟ್ಟು ಕೊಂಡದ್ದು 1ಕ್ಕೆ ಹೋಗುತ್ತದೆ. ಒಬ್ಬ ಗ್ರಾಹಕನ ಮುಚ್ಚಳದ ಆಕಾರಕ್ಕೆ ಕಡೆದ ಅಚ್ಚು ಇನ್ನೊಬ್ಬನಿಗೆ ಉಕ್ಕಿನ ತೂಕಕ್ಕಷ್ಟೇ ಬೆಲೆಬಾಳುತ್ತದೆ. ಮೋಲ್ಡಿಂಗ್ ಯಂತ್ರ ಹಾಗಲ್ಲ, ಅಚ್ಚು ಬದಲಿಸಿದರೆ ಬಕೆಟ್ಟನ್ನೂ ಮಾಡುತ್ತದೆ, ಆದ್ದರಿಂದ ಕೊಳ್ಳುವವರಿದ್ದಾರೆ. ಕೈಬಿಡುವ ಆಯ್ಕೆಯ ಬೆಲೆ ಇರುವುದು ಹೀಗೆ ಬೇರೆ ಕೆಲಸಕ್ಕೂ ಒಗ್ಗುವ ಸಾಮಾನಿನಲ್ಲಿ. ಶೇ 5 ಅಗ್ಗಕ್ಕೆ ಸಿಗುತ್ತದೆಂದು ಮುಚ್ಚಳಕ್ಕಷ್ಟೇ ಹೊಂದುವ ವಿಶೇಷ ಯಂತ್ರ ಕೊಂಡರೆ ಈ ಆಯ್ಕೆಯನ್ನು ಅರಿವಿಲ್ಲದೆ ಮಾರಿಬಿಟ್ಟಂತೆ.

ಇಲ್ಲೊಂದು ಬಲೆ ಇದೆ. ನಾವು ಮಾರಲು ಹೊರಡುವುದು ಮುಚ್ಚಳದ ವ್ಯಾಪಾರ ಕೆಟ್ಟಾಗ. ಆಗ ಅದೇ ವ್ಯಾಪಾರದವರು ಇನ್ನೂ ಹಲವರು ಅಂಥದೇ ಯಂತ್ರ ಮಾರಲು ನಿಂತಿರುತ್ತಾರೆ. ಒಳ್ಳೆಯ ಕಾಲದ ಬೆಲೆ ವಿಚಾರಿಸಿ 23 ಎಂದು ಬರೆದದ್ದು ಆ ದಿನ 16ಕ್ಕೆ ಇಳಿದರೆ ಒಟ್ಟು 71. ಕಡಿಮೆಯಾದದ್ದು ಶೇ 9ರಷ್ಟು. ಆದರೆ 64ರ ಮೇಲೆ ಉಳಿಯುವುದು 14ರ ಬದಲು 7, ಆಯ್ಕೆಯ ಬೆಲೆ 2.51ರಿಂದ 1.25ಕ್ಕೆ, ಸರಿಯಾಗಿ ಅರ್ಧಕ್ಕೆ. ಜಾಗದ ಬೆಲೆಗೆ ಮುಚ್ಚಳದ ವ್ಯಾಪಾರದ ಹಂಗಿಲ್ಲ, ಅದನ್ನು ಹಾಗೇ ಬಿಡಬಹುದು. ಯಂತ್ರದ ಬೆಲೆಯನ್ನು ಮಾತ್ರ ಕೆಳಕೊಂಬೆಗೆ ಬೇರೆಯಾಗಿ ಬರೆಯಬೇಕು.

ಯಾವಾಗ ಮಾರಬೇಕು ಎಂಬುದರಲ್ಲಿ ಇನ್ನೊಂದು ತಪ್ಪು ಸಾಮಾನ್ಯ. ಒಂದು ವರ್ಷದ ಬಳಿಕ ಮಾರಿದರೆ ಯಂತ್ರಗಳು ಹೊಸದಾಗಿರುವುದರಿಂದ 84 ಸಿಗುತ್ತದೆ ಎನ್ನಿ. ಆಗ ಮೌಲ್ಯ 80ಕ್ಕೆ ಇಳಿದಿದೆ. 84 ಕೈಗೆ ಬರುವಾಗ 80ರದ್ದನ್ನು ಇಟ್ಟುಕೊಳ್ಳುವುದೇ? ಹೌದು, ಇಟ್ಟುಕೊಳ್ಳಬೇಕು. ಇಟ್ಟುಕೊಂಡರೆ ಸಿಗುವುದು ಬರಿಯ 80 ಅಲ್ಲ, ಮುಂದಿನ ವರ್ಷ 78ಕ್ಕೆ ಮಾರುವ ಹಕ್ಕೂ ಅದರೊಂದಿಗಿದೆ. 100ರ 5/9, 78ರ 4/9 ಕೂಡಿಸಿ 1.05ರಿಂದ ಭಾಗಿಸಿದರೆ 85.93. 84ಕ್ಕಿಂತ ಹೆಚ್ಚು. ಮುಂದಿನ ವರ್ಷ ಸಿಗುವುದು 78 ಅಲ್ಲ, 70 ಎಂದಾದರೆ ಅದೇ ಲೆಕ್ಕ 82.54 ಕೊಡುತ್ತದೆ, ಆಗ ಈಗಲೇ ಮಾರಬೇಕು. ಅಂದರೆ ಇವತ್ತು ಎಷ್ಟು ಸಿಗುತ್ತದೆ ಎಂಬುದರಷ್ಟೇ, ಕಾದರೆ ಎಷ್ಟು ಕರಗುತ್ತದೆ ಎಂಬುದೂ ಮಾರುವ ದಿನವನ್ನು ನಿರ್ಧರಿಸುತ್ತದೆ.

ಇಷ್ಟು ಹೊತ್ತು ಕಾರ್ಖಾನೆ ಎರಡು ವರ್ಷ ಹಣವನ್ನು ಹೊರಗೆ ಕೊಡುವುದಿಲ್ಲ ಎಂದುಕೊಂಡಿದ್ದೆವು. ವರ್ಷಕ್ಕೆ ಮೌಲ್ಯದ ಶೇ 4ರಷ್ಟು ಹೊರಗೆ ಹೋಗುತ್ತದೆ ಎಂದರೆ ತೂಕದ ಲೆಕ್ಕದಲ್ಲಿ 1.05ರ ಜಾಗಕ್ಕೆ 1.01 ಬರುತ್ತದೆ, ಮೇಲಿನ ಕವಲಿನ ತೂಕ 7/15ಕ್ಕೆ ಇಳಿಯುತ್ತದೆ. ಇಳಿಸುವ ದರ 1.05 ಆಗಿಯೇ ಉಳಿಯುತ್ತದೆ. ವಿಸ್ತರಣೆಯ ಆಯ್ಕೆ 6.47ರಿಂದ 4.57ಕ್ಕೆ ಬೀಳುತ್ತದೆ, ಕೈಬಿಡುವುದು 2.51ರಿಂದ 3.61ಕ್ಕೆ ಏರುತ್ತದೆ. ಹಣ ಕೈಗೆ ಬರುತ್ತಿರುವಾಗ ಉಳಿದ ಕಾರ್ಖಾನೆಯ ಮೌಲ್ಯ ಕರಗುತ್ತಿರುತ್ತದೆ ಎಂಬುದೇ ಇದರ ಅರ್ಥ. ಸ್ಪರ್ಧಿಗಳೂ ವಿಸ್ತರಿಸಬಲ್ಲರಾದರೆ ಅವರು ಕಿತ್ತುಕೊಳ್ಳುವ ಲಾಭವನ್ನೂ ಇದೇ ಸೋರಿಕೆಯಂತೆ ಎಣಿಸುವುದುಂಟು. ನಮ್ಮ ಶೆಡ್ಡಿನ ತೀರ್ಮಾನಕ್ಕೆ ಇದು ಮಾರಕ. ತೂಕ ಕಡಿಮೆಯಾದಾಗ 17 ಕೋಟಿಯ ಉಳಿತಾಯದ ಇವತ್ತಿನ ಬೆಲೆ 4.76ರಿಂದ 3.36ಕ್ಕೆ ಇಳಿದು, 4 ಕೊಟ್ಟು ದೊಡ್ಡದನ್ನು ಕಟ್ಟುವುದು ನಷ್ಟವಾಗುತ್ತದೆ. ಮೊದಲೆರಡು ವರ್ಷದಲ್ಲಿ ಕಾರ್ಖಾನೆಯಿಂದ ಎಷ್ಟು ಹಣ ಹೊರಬೀಳುತ್ತದೆ ಎಂಬ ಒಂದು ಸಾಲು ಇಡೀ ಏರಿಳಿತದ ಅಧ್ಯಯನಕ್ಕಿಂತ ಹೆಚ್ಚು ತೂಗಬಹುದು ಎಂದು ಗೊತ್ತಾಗುವುದು ಹೀಗೆ.

ಕೊನೆಯದಾಗಿ, ಕಾಗದದ ಮೇಲಿನ ಈ ಬೆಲೆಯೆಲ್ಲ ಆ ದಿನ ಯಾರಾದರೂ ನಿಜವಾಗಿ ಮಾರಿದರೆ, ವಿಸ್ತರಿಸದೆ ತಡೆದರೆ ಮಾತ್ರ ಕೈಗೆ ಬರುತ್ತದೆ. 64 ಎಂಬ ಮೌಲ್ಯ ಕಾರ್ಖಾನೆಯ ಗೋಡೆಯ ಮೇಲೆ ಕಾಣುವುದಿಲ್ಲ. ಅದನ್ನು ಕಾಣುವ ಅಂಕಿಗಳಿಗೆ ಇಳಿಸಬೇಕು. ಹರಳಿಗೂ ಮುಚ್ಚಳಕ್ಕೂ ನಡುವಿನ ಬೆಲೆಯಂತರದ ಆರು ತಿಂಗಳ ಸರಾಸರಿ, ಯಂತ್ರಗಳು ತಿಂಗಳಿಗೆ ಎಷ್ಟು ಗಂಟೆ ಓಡಿದವು, ಮುಂದಿನ ವರ್ಷಕ್ಕೆ ಕೈಯಲ್ಲಿರುವ ಆರ್ಡರು, ಈ ಮೂರನ್ನು ಹೂಡಿಕೆಯ ಮೊದಲಿನ ಮಾದರಿಗೇ ಕೊಟ್ಟು ಎಷ್ಟಕ್ಕೆ ಇಳಿದರೆ ಮೌಲ್ಯ 78ರ ಕೆಳಗೆ ಹೋಗುತ್ತದೆ, ಎಷ್ಟಕ್ಕೆ ಏರಿದರೆ 110 ದಾಟುತ್ತದೆ ಎಂದು ಇವತ್ತೇ ಬರೆದಿಡುತ್ತೇವೆ. 110 ಯಾಕೆಂದರೆ ಅದರ ಅರ್ಧ 55, ವಿಸ್ತರಣೆಗೆ ತಗಲುವ ಖರ್ಚು. ಆ ಹಾಳೆಯಲ್ಲಿ ಇನ್ನೆರಡು ಸಾಲು ಇರುತ್ತವೆ. ಎರಡನೇ ವರ್ಷದ ಕೊನೆಗೆ ಯಾವ ತಿಂಗಳ ಸಭೆಯಲ್ಲಿ ಈ ಅಂಕಿಗಳನ್ನು ನೋಡಲಾಗುತ್ತದೆ, ಮತ್ತು ಕಾರ್ಖಾನೆ ನಡೆಸುವವರನ್ನು ಬಿಟ್ಟು ಬೇರೆ ಯಾರು ಮಾರುವ ನಿರ್ಧಾರಕ್ಕೆ ಸಹಿ ಹಾಕುತ್ತಾರೆ. ಈ ಎರಡು ಸಾಲು ಖಾಲಿ ಬಿಟ್ಟು ಬಂದ ಪ್ರಸ್ತಾವದಲ್ಲಿ ಕೈಬಿಡುವ ಆಯ್ಕೆಯ ಮುಂದೆ ನಾವು ಸೊನ್ನೆ ಬರೆಯುತ್ತೇವೆ.